ಹೆಸರಿನಲ್ಲಿ ‘ಳ’ ಇದ್ದರೆ?

ಮದುವೆಯಾಗಿ ಮುಂಬಯಿಗೆ ಬಂದ ನಮ್ಮ ಸರಳಕ್ಕನಿಗೆ ಇದು ಊರು ಬಿಟ್ಟ ಮೇಲಿನ ಮೊದಲ ಸಂಕ್ರಾಂತಿ. ಅವಳ ಹೆಸರಿನ ಒಂದೊಂದು ಅಕ್ಷರದಿಂದ ಒಂದೊಂದು ಸಾಲು ಶುರುಮಾಡಿ ಶುಭಾಶಯ ಬರೆಯೋಣವೆಂದು ಕೂತೆ. ‘ಸ’ಕ್ಕೆ ಸಂಕ್ರಾಂತಿ ಸಿಕ್ಕಿತು. ‘ರ’ಕ್ಕೆ ರತ್ನ ಅಂತ ಗೀಚಿದೆ, ಎಳ್ಳು ಬೀರುವ ಹಬ್ಬದಲ್ಲಿ ರತ್ನಕ್ಕೇನು ಕೆಲಸ? ‘ಳ’ದ ಹತ್ತಿರ ಪೂರ್ತಿ ನಿಂತೆ. ಕನ್ನಡದಲ್ಲಿ ಳಕಾರದಿಂದ ಶುರುವಾಗುವ ಮಾತೇ ಇಲ್ಲವೆನ್ನಬೇಕು. ಣಕಾರದ್ದೂ ಅದೇ ಪಾಡು. ವೀಣಾ, ಅರುಣ ಎಂಬ ಗೆಳೆಯರಿದ್ದವರು ನೋಡಿಕೊಳ್ಳಿ.

ಆಗ ಶಾಲೆಯಲ್ಲಿ ಕಲಿತ ಆದಿಪ್ರಾಸ ನೆನಪಾಯಿತು. ಅಲ್ಲಿ ಸಾಲುಸಾಲಿಗೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಸ್ವರ ಬದಲಾದರೂ ನಡೆಯುತ್ತೆ. ನಾನು ಹೆಸರನ್ನೇ ಆ ಎರಡನೆಯ ಜಾಗಕ್ಕೆ ಸರಿಸಿದೆ, ‘ಳಾ’ದ ದೀರ್ಘ ಬಿಟ್ಟೆ:

ಹೊಸ ಕಬ್ಬು ದಾದರದ ಪೇಟೆಗೂ ಬಂತು,
ಊರ ನೆನಪೂ ಅದರ ಜೊತೆಯಲ್ಲೇ ಬಂತು;
ಬಳಗ ಇಲ್ಲೂ ಉಂಟು, ಎಳ್ಳಿಗೆ ಬಾರಕ್ಕ.

ಕೊನೆಯ ಸಾಲು ಮೊದಲು ‘ಬಳಲದೆ ಬಾರಕ್ಕ’ ಎಂದಿತ್ತು. ಗುಟ್ಟು ಹೇಳದೆ ಅಮ್ಮನಿಗೆ ಓದಿದೆ. “ಅವಳು ಯಾಕೋ ಬಳಲ್ತಾಳೆ?” ಅಂದಳು. ಆ ಪದ ಬಂದದ್ದು ಅಕ್ಷರಕ್ಕಾಗಿ, ಅಕ್ಕನಿಗಾಗಿ ಅಲ್ಲ. ಹೊಡೆದುಹಾಕಿದೆ.

ಒಂದು ತೊಡಕುಂಟು: ಎರಡನೆಯ ಅಕ್ಷರದಲ್ಲಿರುವ ಹೆಸರು ತಾನಾಗಿ ಕಣ್ಣಿಗೆ ಬೀಳದು. ಆ ಮೂರನ್ನು ಕೆಂಪು ಶಾಯಿಯಲ್ಲಿ ಬರೆದು ಅಂಚೆಗೆ ಹಾಕಿದೆ.