ಏಳು ಅಧ್ಯಯನಗಳು ಒಪ್ಪಿದ ಔಷಧ

“ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಔಷಧವು ಗುಣಕಾರಿಯೆಂದು ತಿಳಿದುಬಂದಿದೆ” ಎಂಬ ವಾಕ್ಯವನ್ನು ಓದುಗರು ಪತ್ರಿಕೆಗಳಲ್ಲಿ ಆಗಾಗ ಕಂಡಿರಬಹುದು. ಹೀಗೆ ಒಟ್ಟುಗೂಡಿಸುವ ಕ್ರಮಕ್ಕೆ ಮೆಟಾ ಅನಾಲಿಸಿಸ್ ಎಂದು ಹೆಸರು. ವೈದ್ಯರಾದ ನಾವು ಅದಕ್ಕೆ ಹೆಚ್ಚಿನ ಬೆಲೆಯನ್ನೇ ಕೊಡುತ್ತೇವೆ. ಆದರೂ ಅದು ಎಲ್ಲಿ ಎಡವುತ್ತದೆಂಬುದನ್ನು ಅರಿಯಲು ಮೆಗ್ನೀಷಿಯಂ ಲವಣದ ವೃತ್ತಾಂತವನ್ನು ನೋಡಬೇಕು.

ಹೃದಯಾಘಾತವಾದ ಕೂಡಲೇ ಈ ಲವಣವನ್ನು ರಕ್ತನಾಳದ ಮೂಲಕ ಕೊಟ್ಟರೆ ಹೃದಯದ ಬಡಿತ ಹದ ತಪ್ಪದೆ ಜೀವ ಉಳಿಯಬಹುದೆಂಬ ನಿರೀಕ್ಷೆಯಿಂದ ಹಲವು ಆಸ್ಪತ್ರೆಗಳಲ್ಲಿ ಸಣ್ಣ ಸಣ್ಣ ಪ್ರಯೋಗಗಳು ನಡೆದಿದ್ದವು. ಅಂತಹ ಏಳನ್ನು ಟಿಯೊ, ಸಲೀಂ ಯೂಸುಫ್ ಮೊದಲಾದವರು 1991ರಲ್ಲಿ ಒಟ್ಟುಗೂಡಿಸಿದರು. (ಯೂಸುಫರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು.) ಮೆಗ್ನೀಷಿಯಂ ಪಡೆದ 657 ರೋಗಿಗಳಲ್ಲಿ 25 ಮಂದಿ ತೀರಿಕೊಂಡಿದ್ದರೆ, ಪಡೆಯದ 644 ಮಂದಿಯಲ್ಲಿ 53 ಮಂದಿ ತೀರಿಕೊಂಡಿದ್ದರು. ಸಾವು ಅರ್ಧಕ್ಕಿಂತಲೂ ಕಡಿಮೆಯಾದಂತೆ ತೋರಿತು.

ಒಟ್ಟುಗೂಡಿಸುವುದೆಂದರೆ ಎಲ್ಲ ರೋಗಿಗಳನ್ನೂ ಒಂದೇ ರಾಶಿಗೆ ಸುರಿದು ಎಣಿಸುವುದಲ್ಲ. ಒಂದು ಊರಿನ ರೋಗಿಗಳು ವೃದ್ಧರಿರಬಹುದು, ಮತ್ತೊಂದೂರಿನವರು ತರುಣರಿರಬಹುದು. ಆದ್ದರಿಂದ ಪ್ರತಿಯೊಂದು ಪ್ರಯೋಗದೊಳಗೇ ಔಷಧ ಪಡೆದವರನ್ನು ಪಡೆಯದವರೊಡನೆ ಹೋಲಿಸಿ, ಆ ಹೋಲಿಕೆಯ ಫಲವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಬಳಿಕ ಆ ಫಲಗಳ ಸರಾಸರಿ ಹಾಕುವಾಗ ಪ್ರತಿಯೊಂದಕ್ಕೂ ತಕ್ಕ ತೂಕ ಕೊಡುತ್ತಾರೆ. ಇಲ್ಲಿ ತೂಕವನ್ನು ನಿರ್ಧರಿಸುವುದು ರೋಗಿಗಳ ಸಂಖ್ಯೆಗಿಂತಲೂ ಸಂಭವಿಸಿದ ಸಾವುಗಳ ಸಂಖ್ಯೆ. ಎರಡೇ ಸಾವು ಕಂಡ ಪ್ರಯೋಗದ ಮಾತಿಗಿಂತ ಇಪ್ಪತ್ತು ಸಾವು ಕಂಡ ಪ್ರಯೋಗದ ಮಾತು ಹೆಚ್ಚು ಗಟ್ಟಿ. ಮೇಲಿನ ಏಳೂ ಪ್ರಯೋಗಗಳನ್ನು ಕೂಡಿಸಿದರೂ ಸಾವುಗಳ ಮೊತ್ತ ಕೇವಲ 78 ಎಂಬುದನ್ನು ಓದುಗರು ಗಮನದಲ್ಲಿಡಬೇಕು. ದೊಡ್ಡ ಪ್ರಯೋಗವೊಂದು ನಡೆಯಬೇಕೆಂದು ಆ ಸಂಶೋಧಕರೇ ಸೂಚಿಸಿದ್ದರು.

ಮರುವರ್ಷ ಬ್ರಿಟನ್ನಿನ ಲೆಸ್ಟರಿನಲ್ಲಿ 2,316 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲೂ ಲಾಭ ಕಂಡಿತು, ಆದರೆ ಮೊದಲಿನಷ್ಟಲ್ಲ. ಅನಂತರ 1995ರಲ್ಲಿ ‘ಐಸಿಸ್-4’ ಎಂಬ ಮಹಾಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅದರಲ್ಲಿದ್ದ ರೋಗಿಗಳು 58,050. ಮೆಗ್ನೀಷಿಯಂ ಪಡೆದ ಅರ್ಧದಲ್ಲಿ 2,216 ಸಾವು, ಪಡೆಯದ ಅರ್ಧದಲ್ಲಿ 2,103 ಸಾವು. ಲಾಭದ ಸುಳಿವೇ ಇರಲಿಲ್ಲ.

ಹಾಗಾದರೆ ಮೊದಲಿನ ಲೆಕ್ಕ ತಪ್ಪಿತ್ತೇ? ಲೆಕ್ಕ ಸರಿಯಾಗಿಯೇ ಇತ್ತು; ಸಂಶಯ ಬರುವುದು ಲೆಕ್ಕಕ್ಕೆ ಬಾರದೇ ಉಳಿದವುಗಳ ಬಗ್ಗೆ. ಏನೂ ಗುಣವಿಲ್ಲದ ಒಂದು ಔಷಧವನ್ನು ಹತ್ತು ಊರುಗಳ ವೈದ್ಯರು ತಲಾ ಐವತ್ತು ರೋಗಿಗಳಿಗೆ ಕೊಟ್ಟು ನೋಡಿದರೆಂದು ಭಾವಿಸೋಣ. ಆಕಸ್ಮಿಕವಾಗಿಯೇ ಮೂರು ಊರುಗಳಲ್ಲಿ ಗುಣ ಕಂಡೀತು, ಮೂರರಲ್ಲಿ ಹಾನಿ ಕಂಡೀತು, ಉಳಿದೆಡೆ ಏನೂ ಕಾಣಲಾರದು. ಗುಣ ಕಂಡವರು ಉತ್ಸಾಹದಿಂದ ಬರೆಯುತ್ತಾರೆ, ಸಂಪಾದಕರೂ ಅಚ್ಚಿಸುತ್ತಾರೆ. ಉಳಿದ ಏಳು ಕಡತಗಳು ಕಪಾಟಿನಲ್ಲೇ ಮಲಗುತ್ತವೆ. ಇದಕ್ಕೆ ಪ್ರಕಟಣೆಯ ಪಕ್ಷಪಾತ ಎನ್ನುತ್ತಾರೆ. ಅಚ್ಚಾದ ಮೂರನ್ನು ಎಷ್ಟು ನಿಷ್ಠೆಯಿಂದ ಕೂಡಿಸಿದರೂ ಸುಳ್ಳು ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಕರಗುವುದಿಲ್ಲ.

ಕಾಣದ ಕಡತಗಳ ಸುಳಿವನ್ನು ಹಿಡಿಯಲು ಫನೆಲ್ ಪ್ಲಾಟ್ ಎಂಬ ಚಿತ್ರವಿದೆ. ಪ್ರತಿ ಪ್ರಯೋಗಕ್ಕೂ ಒಂದು ಚುಕ್ಕೆ. ಲಾಭ ಕಂಡಷ್ಟೂ ಚುಕ್ಕೆ ಎಡಕ್ಕೆ, ಹಾನಿ ಕಂಡಷ್ಟೂ ಬಲಕ್ಕೆ. ದೊಡ್ಡ ಪ್ರಯೋಗಗಳು ಮೇಲೆ, ಸಣ್ಣವು ಕೆಳಗೆ. ದೊಡ್ಡವುಗಳ ಫಲ ಹೆಚ್ಚು ಚದುರದೆ ಮಧ್ಯದಲ್ಲಿ ನಿಲ್ಲುತ್ತದೆ, ಸಣ್ಣವು ಎರಡೂ ಕಡೆ ಹರಡುತ್ತವೆ. ಹೀಗಾಗಿ ಎಣ್ಣೆ ಸುರಿಯುವ ಆಲಿಕೆಯನ್ನು ಬೋರಲು ಹಾಕಿದ ಆಕಾರ ಮೂಡಬೇಕು. ಕೆಳಗಿನ ಬಲಮೂಲೆ ಖಾಲಿಯಾಗಿದ್ದರೆ, ಲಾಭ ಕಾಣದ ಸಣ್ಣ ಪ್ರಯೋಗಗಳು ಎಲ್ಲಿ ಹೋದವೆಂದು ಕೇಳಬೇಕಾಗುತ್ತದೆ. 1997ರಲ್ಲಿ ಎಗ್ಗರ್ ಮತ್ತು ಸಂಗಡಿಗರು ಮೆಗ್ನೀಷಿಯಂ ಪ್ರಯೋಗಗಳ ಚಿತ್ರ ಬರೆದಾಗ ಅದು ಹೀಗೆಯೇ ಓರೆಯಾಗಿತ್ತು.

ಆದರೂ ಓರೆ ಕಂಡ ಮಾತ್ರಕ್ಕೆ ಯಾರೋ ಮುಚ್ಚಿಟ್ಟರೆಂದು ತೀರ್ಮಾನಿಸುವುದು ನ್ಯಾಯವಲ್ಲ. ಸಣ್ಣ ಪ್ರಯೋಗಗಳನ್ನು ಸಡಿಲವಾಗಿ ನಡೆಸಿದ್ದರೂ, ಅವುಗಳಲ್ಲಿ ಬೇರೆ ಬಗೆಯ ರೋಗಿಗಳಿದ್ದರೂ ಹೀಗಾಗುತ್ತದೆ. ಚುಕ್ಕೆಗಳು ಹತ್ತಕ್ಕಿಂತ ಕಡಿಮೆಯಿದ್ದರೆ ಆಕಸ್ಮಿಕವನ್ನೂ ಓರೆಯನ್ನೂ ಬೇರ್ಪಡಿಸುವುದು ಕಷ್ಟ. ಮೆಗ್ನೀಷಿಯಂ ವಿಷಯದಲ್ಲೂ, ಐಸಿಸ್-4ರಲ್ಲಿ ಔಷಧವನ್ನು ತಡವಾಗಿ ಕೊಟ್ಟದ್ದರಿಂದಲೇ ಫಲ ಕಾಣಲಿಲ್ಲವೆಂದು ಕೆಲವರು ವಾದಿಸಿದರು. ವಾದವು ತಳ್ಳಿಹಾಕುವಂಥದಾಗಿರಲಿಲ್ಲ. ಆದ್ದರಿಂದಲೇ 2002ರಲ್ಲಿ ಪ್ರಕಟವಾದ ‘ಮ್ಯಾಜಿಕ್’ ಪ್ರಯೋಗದಲ್ಲಿ 6,213 ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಔಷಧವನ್ನು ಬೇಗನೆ ಕೊಡಲಾಯಿತು. ಪಡೆದವರಲ್ಲಿ ಸಾವು ನೂರಕ್ಕೆ 15.3, ಪಡೆಯದವರಲ್ಲಿ 15.2.

ಕಪಾಟಿನ ಕಡತಗಳಿಗೆ ನಿಜವಾದ ಮದ್ದು, ಪ್ರಯೋಗವನ್ನು ಆರಂಭಿಸುವ ಮೊದಲೇ ಬಹಿರಂಗವಾಗಿ ನೋಂದಾಯಿಸುವುದು. ಭಾರತದಲ್ಲಿ ಇದಕ್ಕಾಗಿ 2007ರಿಂದ ಸಿ.ಟಿ.ಆರ್.ಐ. ಎಂಬ ನೋಂದಣಿ ಪುಸ್ತಕವಿದ್ದು, ಆಯುರ್ವೇದದ ಪ್ರಯೋಗಗಳೂ ಅದರಲ್ಲಿ ಸೇರುತ್ತವೆ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಅದನ್ನು ತೆರೆದು, ಒಂದು ಔಷಧದ ಮೇಲೆ ಎಷ್ಟು ಪ್ರಯೋಗಗಳು ಶುರುವಾದವು, ಅವುಗಳಲ್ಲಿ ಎಷ್ಟು ಅಚ್ಚಿಗೆ ಬಂದವು ಎಂದು ಎಣಿಸಿ ನೋಡಬಹುದು.