ಬಳಸದ ಬಚ್ಚಲೇಕೆ ನಾರುತ್ತದೆ?

ಊರಿಗೆ ಹೋಗಿ ತಿಂಗಳು ಬಿಟ್ಟು ಬಂದು ಬಾಗಿಲು ತೆರೆದರೆ, ಅತಿಥಿಗಳಿಗೆಂದು ಇಟ್ಟ ಬಾತ್‌ರೂಮಿನಿಂದ ಚರಂಡಿ ವಾಸನೆ. ಮೊದಲು ಕೈ ಹೋಗುವುದು ಫಿನಾಯಿಲ್‌ಗೆ. ಆದರೆ ಕೊಳೆ ಇರುವುದು ನೆಲದ ಮೇಲಲ್ಲ.

ನೆಲದ ಜಾಲಿಯ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ಸದಾ ನಿಲ್ಲುವ ಸುಮಾರು ಎರಡು ಇಂಚು ನೀರೇ ಒಳಚರಂಡಿಯ ಗಾಳಿಯನ್ನು ತಡೆಯುವುದು. ಬಳಕೆಯಿಲ್ಲದಿದ್ದರೆ, ಅದರಲ್ಲೂ ಬೇಸಿಗೆಯಲ್ಲಿ, ಆ ನೀರು ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ. ಒಂದೆರಡು ಚೊಂಬು ನೀರು ಸುರಿದು ಕಿಟಕಿ ತೆರೆದಿಡಿ, ಸಾಕು. ಮತ್ತೆ ಊರಿಗೆ ಹೊರಡುವಾಗ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಅದು ಬೇಗ ಆರದು.

ನೀರು ಸುರಿದ ಮೇಲೂ ವಾಸನೆ ಬಂದರೆ ಜಾಲಿ ಎತ್ತಿ ಟಾರ್ಚ್ ಹಾಕಿ ನೋಡಿ. ಹಲವು ಟ್ರ್ಯಾಪ್‌ಗಳಲ್ಲಿ ಒಳಗಿನ ಕೊಳವೆಯ ಮೇಲೆ ಒಂದು ಬಟ್ಟಲು ಬೋರಲಾಗಿ ಕೂತಿರುತ್ತದೆ. ಅದರ ಅಂಚು ನೀರಿನಲ್ಲಿ ಮುಳುಗಿರಬೇಕು. ಕೂದಲು ಕಟ್ಟಿಕೊಂಡಿದೆಯೆಂದು ಅದನ್ನು ತೆಗೆದವರು ಮರಳಿ ಇಡುವುದನ್ನು ಮರೆಯುವುದು ತೀರಾ ಸಾಮಾನ್ಯ. ಬಟ್ಟಲಿಲ್ಲದಿದ್ದರೆ ಸುತ್ತ ಎಷ್ಟು ನೀರಿದ್ದರೂ ವ್ಯರ್ಥ, ಕೊಳವೆ ನೇರ ಚರಂಡಿಗೇ ತೆರೆದಿರುತ್ತದೆ. ಅದೇ ಅಳತೆಯ ಬಟ್ಟಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಬಟ್ಟಲು ಸರಿಯಿದ್ದೂ ನೀರಿನ ಮಟ್ಟ ಒಂದೇ ದಿನದಲ್ಲಿ ಇಳಿದರೆ ಅದು ಆರಿದ್ದಲ್ಲ. ಟ್ರ್ಯಾಪ್ ಬಿರುಕು ಬಿಟ್ಟಿರಬಹುದು. ಇಲ್ಲವೇ ಮೇಲಿನ ಮನೆಯವರು ಫ್ಲಶ್ ಮಾಡಿದಾಗ ಗುಳುಗುಳು ಸದ್ದು ಕೇಳಿಸಿದರೆ, ಗಾಳಿ ಕೊಳವೆ ಕಟ್ಟಿಕೊಂಡು ನೀರು ಎಳೆದುಹೋಗುತ್ತಿದೆ. ಅದಕ್ಕೆ ಪ್ಲಂಬರನ್ನೇ ಕರೆಸಬೇಕು.