ಅಳಿಸಿದ ಒಕ್ಕಣೆ, ಉಳಿದ ವಿವರ

ವಾಟ್ಸ್‌ಆ್ಯಪ್‌ನಲ್ಲಿ ಸಂಭಾಷಣೆಯೊಂದನ್ನು ಅಳಿಸಿದಾಗ ಕಂಪನಿಯ ಸರ್ವರಿನಿಂದ ಅದರ ಒಕ್ಕಣೆ ಮಾಯವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಬಹುಪಾಲು ಸಂದರ್ಭಗಳಲ್ಲಿ ಅಳಿಸಲು ಅಲ್ಲಿ ಒಕ್ಕಣೆಯೇ ಇರುವುದಿಲ್ಲ. 2016ರಿಂದ ಈ ಸೇವೆಯು ಸಂದೇಶವನ್ನು ಕಳುಹಿಸುವವರ ಫೋನಿನಲ್ಲೇ ಗೂಢಲಿಪಿಗೆ ಪರಿವರ್ತಿಸುತ್ತದೆ. ಅದನ್ನು ಬಿಡಿಸುವ ಕೀಲಿ ಪಡೆಯುವವರ ಫೋನಿನಲ್ಲಿ ಮಾತ್ರ ಇರುವುದರಿಂದ ನಡುವಣ ಸರ್ವರಿಗೆ ಅದು ಅರ್ಥವಾಗದ ಅಕ್ಷರರಾಶಿ. ಸಂದೇಶ ತಲುಪಿ ಎರಡು ಟಿಕ್ ಗುರುತುಗಳು ಮೂಡಿದೊಡನೆ ಆ ರಾಶಿಯನ್ನೂ ಸರ್ವರ್ ತೆಗೆದುಹಾಕುತ್ತದೆ, ತಲುಪದಿದ್ದರೆ 30 ದಿನಗಳವರೆಗೆ ಕಾಯ್ದಿರಿಸುತ್ತದೆ.

ಆದರೆ ಸಂದೇಶವನ್ನು ಸಾಗಿಸಬೇಕಾದರೆ ಅದು ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಹೊತ್ತಿಗೆ, ಯಾವ ಅಂತರ್ಜಾಲ ವಿಳಾಸದಿಂದ ಹೊರಟಿತು ಎಂಬುದು ಸರ್ವರಿಗೆ ತಿಳಿಯಲೇಬೇಕು. ಸಂದೇಶದ ಕುರಿತಾದ ಈ ಮಾಹಿತಿಗೆ ಮೆಟಾಡೇಟಾ ಎಂದು ಹೆಸರು. ಒಬ್ಬ ವ್ಯಕ್ತಿ ರಾತ್ರಿ 9.10ಕ್ಕೆ ಕಳುಹಿಸಿದ ಸಂದೇಶವನ್ನು 9.14ಕ್ಕೆ ‘ಎಲ್ಲರಿಗೂ’ ಅಳಿಸುತ್ತಾನೆ ಎಂದುಕೊಳ್ಳೋಣ. ಆಗ ಅವನ ಫೋನು, ಹಿಂದಿನ ಸಂದೇಶದ ಗುರುತುಸಂಖ್ಯೆಯನ್ನು ಹೊತ್ತ ಇನ್ನೊಂದು ಸಂದೇಶವನ್ನು ರವಾನಿಸುತ್ತದೆ, ಅದನ್ನು ಓದಿದ ಎದುರಿನ ಫೋನು ಬರಹವನ್ನು ತೆಗೆದು, ಸಂದೇಶ ಅಳಿಸಲಾಗಿದೆ ಎಂಬ ಸಾಲನ್ನು ಅಲ್ಲಿ ಕೂರಿಸುತ್ತದೆ. ವಿಚಿತ್ರವೆಂದರೆ, ಅಳಿಸುವ ಈ ಕ್ರಿಯೆಯಿಂದ ಒಕ್ಕಣೆ ಕಡಿಮೆಯಾದರೂ ಸರ್ವರಿನ ಮೂಲಕ ಹಾದುಹೋದ ಸಂದೇಶಗಳು ಒಂದರ ಬದಲು ಎರಡಾಗುತ್ತವೆ. ಎದುರಿನವರು ಅಷ್ಟರಲ್ಲಿ ತೆಗೆದ ಸ್ಕ್ರೀನ್‌ಶಾಟ್ ಮೇಲೆ ಈ ಆಜ್ಞೆಗೆ ಯಾವ ಅಧಿಕಾರವೂ ಇಲ್ಲ.

ಹಾದುಹೋಗುವ ವಿವರವೆಲ್ಲ ಶಾಶ್ವತವಾಗಿ ದಾಖಲಾಗುತ್ತದೆ ಎನ್ನುವುದೂ ತಪ್ಪು. ಯಾರು ಯಾರಿಗೆ ಬರೆದರೆಂಬ ಪಟ್ಟಿಯನ್ನು ಸಾಮಾನ್ಯವಾಗಿ ಇಡುವುದಿಲ್ಲವೆಂದು ವಾಟ್ಸ್‌ಆ್ಯಪ್ ಹೇಳುತ್ತದೆ. ಆದರೆ 2021ರಲ್ಲಿ ಬಹಿರಂಗವಾದ ಅಮೆರಿಕದ ಎಫ್‌ಬಿಐ ದಸ್ತಾವೇಜಿನ ಪ್ರಕಾರ, ನ್ಯಾಯಾಲಯದ ಆದೇಶ ಬಂದ ಮೇಲೆ ನಿಗದಿತ ಖಾತೆಯ ಪ್ರತಿ ಸಂದೇಶದ ಮೂಲ ಮತ್ತು ಗಮ್ಯ ಸಂಖ್ಯೆಗಳನ್ನು ವಾಟ್ಸ್‌ಆ್ಯಪ್ 15 ನಿಮಿಷಗಳಿಗೊಮ್ಮೆ ಒದಗಿಸಬಲ್ಲದು. ಅಂದರೆ ಒಕ್ಕಣೆಯನ್ನು ಓದಲಾಗದ ಸಂಸ್ಥೆಯೂ ಸಂಪರ್ಕಗಳ ಜಾಲವನ್ನು ತೋರಿಸಬಲ್ಲದು.

ಈ ವಿವರವನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದಕ್ಕೆ ಸಿಗ್ನಲ್ ಎಂಬ ಸಂದೇಶ ಸೇವೆ ಒಳ್ಳೆಯ ನಿದರ್ಶನ. 2016ರಲ್ಲಿ ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿಯೊಂದು, ಅಂದರೆ ಅಪರಾಧ ಆರೋಪಗಳನ್ನು ಪರಿಶೀಲಿಸುವ ನಾಗರಿಕ ಮಂಡಳಿಯು, ಎರಡು ದೂರವಾಣಿ ಸಂಖ್ಯೆಗಳ ಮಾಹಿತಿ ಕೇಳಿತು. ಅವುಗಳಲ್ಲಿ ಒಂದಕ್ಕೆ ಮಾತ್ರ ಖಾತೆಯಿತ್ತು. ಸಿಗ್ನಲ್ ನೀಡಲು ಸಾಧ್ಯವಾದದ್ದು ಆ ಖಾತೆ ತೆರೆದ ಸಮಯ ಮತ್ತು ಅದು ಕೊನೆಯ ಬಾರಿ ಸರ್ವರನ್ನು ಸಂಪರ್ಕಿಸಿದ ದಿನಾಂಕ, ಅಷ್ಟೇ.

ಇದಕ್ಕೆ ವಿರುದ್ಧವಾಗಿ ಟೆಲಿಗ್ರಾಂನ ಸಾಮಾನ್ಯ ಸಂಭಾಷಣೆಗಳ ಒಕ್ಕಣೆಯೂ ಸರ್ವರಿನಲ್ಲೇ ಇರುವುದರಿಂದ ಅಲ್ಲಿ ಅಳಿಸುವುದೆಂದರೆ ಸಂಸ್ಥೆ ತನ್ನ ಪ್ರತಿಯನ್ನು ತೆಗೆಯಲಿ ಎಂದು ಕೋರುವುದು. ವಾಟ್ಸ್‌ಆ್ಯಪ್‌ನಲ್ಲಿ ಏನು ಉಳಿದಿದೆ ಎಂದು ಬಳಕೆದಾರರು ತಾವೇ ಭಾಗಶಃ ನೋಡಬಹುದು: ಸೆಟ್ಟಿಂಗ್ಸ್‌ನ ಖಾತೆ ವಿಭಾಗದಲ್ಲಿ ಖಾತೆಯ ಮಾಹಿತಿಯನ್ನು ಕೋರಿದರೆ ಸುಮಾರು ಮೂರು ದಿನಗಳಲ್ಲಿ ಸಿದ್ಧವಾಗುವ ವರದಿಯಲ್ಲಿ ಸಂಪರ್ಕಗಳು, ಗುಂಪುಗಳ ಹೆಸರುಗಳು ಮೊದಲಾದವು ಸಿಗುತ್ತವೆ, ಸಂದೇಶಗಳು ಸಿಗುವುದಿಲ್ಲ.